ಒಂಬತ್ತು ಮಕ್ಕಳ ಸಾವು, ಹದಿನಾಲ್ಕು ರೂಪಾಯಿಯ ಕಚೋರಿ

ಬನಾರಸೀದಾಸನ ‘ಅರ್ಧಕಥಾನಕ’ವನ್ನು ಓದಿದವರು ಮತ್ತೆ ಮತ್ತೆ ಎತ್ತುವ ಆಕ್ಷೇಪವೊಂದಿದೆ. ಈ ಜೈನ ವರ್ತಕ ಕವಿ ಮೂರು ಸಲ ಮದುವೆಯಾದವನು. ಏಳು ಗಂಡು, ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನೂ ಕಳೆದುಕೊಂಡವನು. ಕೃತಿಯ ಕೊನೆಯ ಭಾಗದಲ್ಲಿ ಆ ಲೆಕ್ಕವನ್ನು ಒಂದೆರಡು ಪದ್ಯಗಳಲ್ಲಿ ಮುಗಿಸಿಬಿಡುತ್ತಾನೆ. ಅದೇ ಕವಿ ಆಗ್ರಾದಲ್ಲಿ ಸಾಲಕ್ಕೆ ತಿಂದ ಕಚೋರಿಯ ಸಂಗತಿಯನ್ನು ಮಾತುಕತೆಯೊಡನೆ ಬಿಡಿಸಿ ಹೇಳುತ್ತಾನೆ. ಮಕ್ಕಳಿಗಿಂತ ಕಚೋರಿ ದೊಡ್ಡದಾಯಿತೇ ಎಂಬುದು ಪ್ರಶ್ನೆ. ಈ ಪ್ರಶ್ನೆಯ ಹಿಂದೆ ಒಂದು ತಪ್ಪು ಸೂತ್ರ ಅಡಗಿದೆ: ಘಟನೆ ದೊಡ್ಡದಾದಷ್ಟೂ ಅದಕ್ಕೆ ಹೆಚ್ಚು ಪುಟ, ಹೆಚ್ಚು ದೃಶ್ಯ, ಹೆಚ್ಚು ಸಂಭಾಷಣೆ ಸಲ್ಲಬೇಕು ಎಂಬುದು. ಇಂದಿನ ಆತ್ಮಕಥೆಗಳನ್ನು ಕೆಡಿಸುತ್ತಿರುವುದೂ ಇದೇ ಸೂತ್ರ.

ಕೃತಿ ರಚಿತವಾದದ್ದು 1641ರಲ್ಲಿ, ಆಗ್ರಾದಲ್ಲಿ. ಕವಿಗೆ ಆಗ ಐವತ್ತೈದು ವರ್ಷ. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ಎಂದು ಹಿಡಿದು ಅದರ ಅರ್ಧದ ಕಥೆ ಎಂದು ಹೆಸರಿಟ್ಟ. ಇರುವುದು 675 ಪದ್ಯ. ಐವತ್ತೈದು ವರ್ಷವನ್ನು ಇಷ್ಟರಲ್ಲಿ ಹಿಡಿಸಬೇಕಾದವನಿಗೆ ಯಾವುದನ್ನು ಬಿಡಿಸಬೇಕು, ಯಾವುದನ್ನು ಮಡಿಸಬೇಕು ಎಂಬುದು ಪ್ರತಿ ಹೆಜ್ಜೆಯಲ್ಲೂ ಎದುರಾಗುವ ನಿರ್ಧಾರ.

ಕಚೋರಿಯ ಪ್ರಸಂಗವನ್ನೇ ಗಮನವಿಟ್ಟು ನೋಡಬೇಕು. ತಂದ ಸರಕೆಲ್ಲ ನಷ್ಟವಾಗಿ ಬನಾರಸಿ ಆಗ್ರಾದಲ್ಲಿ ಬರಿಗೈಯಾಗಿದ್ದ ಕಾಲ. ಹಗಲು ಪೇಟೆಗೆ ಹೋಗಲು ಮುಖವಿಲ್ಲ; ರಾತ್ರಿ ಹತ್ತಿಪ್ಪತ್ತು ಮಂದಿಗೆ ‘ಮಧುಮಾಲತಿ’, ‘ಮೃಗಾವತಿ’ ಕಾವ್ಯಗಳನ್ನು ಓದಿ ಹೇಳುತ್ತಿದ್ದ. ಕೇಳಲು ಬರುತ್ತಿದ್ದವರಲ್ಲಿ ಒಬ್ಬ ಕಚೋರಿ ಮಾರುವವನು. ಅವನ ಅಂಗಡಿಯಲ್ಲಿ ದಿನವೂ ಸಾಲಕ್ಕೆ ತಿಂದ ತಿಂಗಳುಗಳನ್ನು ಕವಿ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾನೆ. ಒಂದು ದಿನ ಏನಾಯಿತು, ಇನ್ನೊಂದು ದಿನ ಏನಾಯಿತು ಎಂಬ ವಿವರವಿಲ್ಲ. ಬಿಡಿಸಿ ಹೇಳುವುದು ಒಂದೇ ಒಂದು ಮಾತುಕತೆಯನ್ನು: ಕವಿ ಅವನನ್ನು ಏಕಾಂತದಲ್ಲಿ ಕಂಡು, ತನ್ನ ಬಳಿ ಕಾಸಿಲ್ಲ, ಇನ್ನು ಸಾಲ ಕೊಡಬೇಡ ಎಂದು ಒಪ್ಪಿಕೊಂಡ ಗಳಿಗೆ. ಇಪ್ಪತ್ತು ರೂಪಾಯಿಯವರೆಗೂ ತಿನ್ನು, ಕೇಳುವವರಿಲ್ಲ ಎಂಬುದು ಅಂಗಡಿಯವನ ಉತ್ತರದ ತಾತ್ಪರ್ಯ. ಬಳಿಕ ಮತ್ತೆ ತಿಂಗಳುಗಳು ಸರಸರನೆ ಜಾರುತ್ತವೆ. ಕೊನೆಗೆ ಲೆಕ್ಕ ಹದಿನಾಲ್ಕು ರೂಪಾಯಿ, ಅದೂ ಸಂದಾಯವಾಯಿತು.

ಎಂದರೆ ಇಲ್ಲಿ ದೃಶ್ಯವಾದದ್ದು ಕಚೋರಿಯಲ್ಲ. ಆ ಒಂದು ಗಳಿಗೆಯಲ್ಲಿ ಮಾತ್ರ ಕಥೆ ಬೇರೆ ದಾರಿ ಹಿಡಿಯಬಹುದಿತ್ತು. ಅಂಗಡಿಯವನು ಬೀದಿಯಲ್ಲಿ ಮಾನ ಕಳೆಯಬಹುದಿತ್ತು, ಮಾತನಾಡುವಾಗ ಕವಿಗೆ ಉತ್ತರ ಗೊತ್ತಿರಲಿಲ್ಲ. ಹಾಗೆ ಮುಂದೇನೆಂದು ತಿಳಿಯದೆ ನಿಂತ ಕ್ಷಣ ದೃಶ್ಯಕ್ಕೆ ಅರ್ಹ. ದಿನವೂ ಒಂದೇ ರೀತಿ ಮರಳಿ ಬಂದದ್ದು ಸಂಗ್ರಹಕ್ಕೆ ಅರ್ಹ. ತೂಕದ ಮಾತು ಇಲ್ಲಿಲ್ಲ.

ಎರಡನೆಯ ಅರ್ಹತೆ ಸಾಕ್ಷಿಯದು. 1605ರಲ್ಲಿ ಅಕ್ಬರ್ ತೀರಿಕೊಂಡ. ಅಷ್ಟು ದೊಡ್ಡ ಘಟನೆ ಸಿಕ್ಕಿದರೆ ಇಂದಿನ ಆತ್ಮಕಥೆಗಾರ ಅರಮನೆಯೊಳಗೇ ನುಗ್ಗಿ, ಮರಣಶಯ್ಯೆಯ ಪಕ್ಕದಲ್ಲಿ ದೀಪ ಮಿಣುಕಿಸಿ, ಮಂತ್ರಿಗಳಿಂದ ಮಾತಾಡಿಸಿಬಿಡುತ್ತಾನೆ. ಬನಾರಸಿ ಆಗ ಇದ್ದುದು ಜೌನ್‌ಪುರದಲ್ಲಿ, ತನ್ನ ಮನೆಯ ಮೆಟ್ಟಿಲ ಮೇಲೆ. ಸುದ್ದಿ ಕಿವಿಗೆ ಬಿದ್ದೊಡನೆ ತಲೆ ತಿರುಗಿ ಉರುಳಿದ, ತಲೆ ಒಡೆದು ರಕ್ತ ಹರಿಯಿತು. ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ಒತ್ತಿದಳು. ಅವನು ಬರೆದದ್ದು ಇದನ್ನು. ಆಮೇಲೆ ಊರಿನ ಭೀತಿ: ಅಂಗಡಿಗಳು ಮುಚ್ಚಿದವು, ಸಿರಿವಂತರು ಒಡವೆಗಳನ್ನು ನೆಲದಲ್ಲಿ ಹೂತು ಒರಟು ಬಟ್ಟೆ ಉಟ್ಟರು, ಬಡವ ಬಲ್ಲಿದರ ಗುರುತೇ ಸಿಗದಂತಾಯಿತು. ಹತ್ತು ದಿನದ ಬಳಿಕ ಜಹಾಂಗೀರ್ ಪಟ್ಟಕ್ಕೆ ಬಂದನೆಂಬ ಕಾಗದ ಆಗ್ರಾದಿಂದ ಬಂದಾಗಲೇ ಊರು ಉಸಿರುಬಿಟ್ಟಿತು. ಚಕ್ರವರ್ತಿಯ ಸಾವು ಪದ್ಯದಲ್ಲಿ ಬರೀ ಸುದ್ದಿ. ಸುಟ್ಟ ಬಟ್ಟೆ ಮಾತ್ರ ದೃಶ್ಯ. ಆಸ್ಥಾನದ ಇತಿಹಾಸಕಾರರು ಹೇಳಬಹುದಾದುದನ್ನು ಅವರಿಗೇ ಬಿಟ್ಟು, ಮೆಟ್ಟಿಲ ಮೇಲೆ ಕುಳಿತವನಷ್ಟೇ ಹೇಳಬಲ್ಲುದನ್ನು ಅವನು ಇಟ್ಟುಕೊಂಡ.

ಕಲ್ಪಿತ ದೃಶ್ಯವನ್ನು ಗುರುತಿಸುವುದು ಕಷ್ಟವಲ್ಲ. ಅದರಲ್ಲಿನ ವಿವರಗಳು ಯಾರ ಮನೆಗಾದರೂ ಹೊಂದುತ್ತವೆ. ಮಳೆ ಸುರಿಯುತ್ತಿರುತ್ತದೆ, ನಾಯಿ ಊಳಿಡುತ್ತದೆ, ಅಜ್ಜಿ ಸಾಯುವ ಮುನ್ನ ಪೂರ್ಣವಿರಾಮದೊಡನೆ ಮುಗಿಯುವ ವಾಕ್ಯಗಳನ್ನಾಡುತ್ತಾಳೆ. ಬರೆದವನಿಗೆ ಆಗ ಎರಡು ವರ್ಷ! ಹಾಗಿದ್ದರೆ ಮನೆಯವರು ಹೇಳಿದ್ದು ಇಷ್ಟೆಂದು ಒಂದು ಸಾಲಿನಲ್ಲಿ ಬರೆಯುವುದೇ ಮರ್ಯಾದೆ.

ಈಗ ಮಕ್ಕಳ ಸಾವಿಗೆ ಬರಬಹುದು. ಬನಾರಸಿ ಪರಊರಿನಲ್ಲಿದ್ದಾಗ ಖೈರಾಬಾದಿನ ಮಾವನ ಮನೆಯಿಂದ ಒಂದು ಪತ್ರ ಬಂತು. ಹುಟ್ಟಿದ ಮಗು ತೀರಿತು, ಹೆಂಡತಿಯೂ ತೀರಿದಳು. ಅವಳ ತಂಗಿಯೊಡನೆ ನಿಶ್ಚಯವಾಗಿದೆ. ಮೂರೂ ಒಂದೇ ಪತ್ರದಲ್ಲಿ. ಒಮ್ಮೆ ಬೆಂಕಿಗೂ ಒಮ್ಮೆ ನೀರಿಗೂ ಹೋಗುವ ಕಮ್ಮಾರನ ಇಕ್ಕಳದ ಹೋಲಿಕೆ ಕೊಟ್ಟು ಕವಿ ಮುಂದೆ ಸಾಗುತ್ತಾನೆ. ಅವನು ಅಲ್ಲಿರಲಿಲ್ಲ, ಅವನಿಗೆ ತಲುಪಿದ್ದೇ ಸಂಗ್ರಹ. ಅದನ್ನು ಬಿಡಿಸಿದ್ದರೆ ಸುಳ್ಳಾಗುತ್ತಿತ್ತು. ಉಳಿದ ಸಾವುಗಳನ್ನೂ ಒಂದೊಂದಾಗಿ ದೃಶ್ಯ ಮಾಡಿದ್ದರೆ ಏನಾಗುತ್ತಿತ್ತು? ಮೂರನೆಯ ತೊಟ್ಟಿಲ ಹೊತ್ತಿಗೆ ಓದುಗ ಅಳುವುದನ್ನು ಬಿಟ್ಟು ಎಣಿಸತೊಡಗುತ್ತಿದ್ದ. ಕವಿ ತಾನೇ ಎಣಿಸಿ, ಎಲೆ ಉದುರಿದ ಮರದಂತೆ ಗಂಡಹೆಂಡಿರಿಬ್ಬರೇ ಉಳಿದರೆಂದು ನಿಲ್ಲಿಸಿದ. ಒಂಬತ್ತು ಸಾವುಗಳು ಒಟ್ಟಾಗಿ ಬಿದ್ದಾಗಿನ ಭಾರ ಬಿಡಿಬಿಡಿಯಾಗಿ ಬರುವುದಿಲ್ಲ.

ಆದರೆ ಅವನನ್ನು ಪೂರ್ತಿ ಬಿಡುಗಡೆ ಮಾಡುವುದೂ ಸರಿಯಲ್ಲ. ಸಂಗ್ರಹಕ್ಕೆ ಒಂದು ದೋಷವಿದೆ: ಅದು ಎದುರಿಗಿದ್ದವರ ಮಾತನ್ನು ನುಂಗುತ್ತದೆ. ಹೆತ್ತ ತಾಯಂದಿರು ಆ ಲೆಕ್ಕದಲ್ಲಿ ಬಾಯಿ ತೆರೆಯುವುದಿಲ್ಲ. ಹಾಗೆ ಬರೆದದ್ದು ಅವನಿಗೆ ಅವರ ಮಾತು ಕೇಳಿರಲಿಲ್ಲವೆಂದಲ್ಲ. ಆಗ್ರಾದಿಂದ ಸೋತು ಖೈರಾಬಾದಿಗೆ ಹೋದ ರಾತ್ರಿಯನ್ನು ಅವನೇ ಬರೆದಿದ್ದಾನೆ. ಹೆಂಡತಿ ವ್ಯಾಪಾರದ ಸಂಗತಿ ವಿಚಾರಿಸುತ್ತಾಳೆ, ಗಂಡ ಬರಿಗೈಯೆಂದು ತಿಳಿಯುತ್ತಾಳೆ, ತಾನು ಕೂಡಿಟ್ಟ ಇಪ್ಪತ್ತು ರೂಪಾಯಿ ತಂದಿಟ್ಟು ಧೈರ್ಯ ಹೇಳುತ್ತಾಳೆ. ತಾಯಿಗೂ ತಿಳಿಸಿ ಇನ್ನೂರು ರೂಪಾಯಿ ಕೊಡಿಸುತ್ತಾಳೆ. ಆ ಹೆಣ್ಣಿನ ದನಿ ಹೇಗಿತ್ತೆಂದು ಬಲ್ಲವನು, ಮಗು ಸತ್ತಾಗ ಊರಲ್ಲಿದ್ದ ಒಂದು ಸಲವಾದರೂ, ಅವಳಾಡಿದ ಒಂದು ಮಾತನ್ನಾದರೂ ಉಳಿಸಬಹುದಿತ್ತು. ಅವನನ್ನು ಆಕ್ಷೇಪಿಸಬೇಕಾದದ್ದು ಇಲ್ಲಿ, ಕಚೋರಿಯ ಅಂಗಡಿಯಲ್ಲಲ್ಲ.

ಬನಾರಸಿಯ ನಿಷ್ಠುರತೆಯನ್ನು ದೂರುವವರ ಕಪಾಟಿನಲ್ಲಿರುವ ಆತ್ಮಕಥೆಗಳನ್ನು ತೆರೆದರೆ ಸನ್ಮಾನದ ಶಾಲಿಗೆ, ಅಧ್ಯಕ್ಷಭಾಷಣಕ್ಕೆ, ಮಂತ್ರಿಗಳು ಮನೆಗೆ ಬಂದ ದಿನಕ್ಕೆ ಇಡೀ ಅಧ್ಯಾಯಗಳು ಸಿಗುತ್ತವೆ. ಹಾರ ಬೀಳುವುದು ಮೊದಲೇ ನಿಶ್ಚಯವಾಗಿದ್ದ ಸಮಾರಂಭದಲ್ಲಿ ತಿಳಿಯದೆ ನಿಂತ ಗಳಿಗೆ ಯಾವುದು? ಅದೇ ಪುಸ್ತಕದಲ್ಲಿ ತಮ್ಮನೊಡನೆ ಆಸ್ತಿ ಪಾಲಾದ ಸಂಗತಿ ‘ಕೆಲವು ಕೌಟುಂಬಿಕ ಕಾರಣಗಳಿಂದ’ ಎಂಬ ಮೂರು ಪದಗಳಲ್ಲಿ ಮುಗಿದಿರುತ್ತದೆ. ಬನಾರಸಿ ಇದನ್ನು ತಿರುಗುಮುರುಗು ಮಾಡಿದ್ದ. ‘ಸಮಯಸಾರ’ವನ್ನು ಅರೆಬರೆ ಅರ್ಥಮಾಡಿಕೊಂಡು, ಮೂವರು ಗೆಳೆಯರೊಡನೆ ಕೋಣೆಯಲ್ಲಿ ಬೆತ್ತಲೆ ಕುಣಿದು ತಾವೇ ಮುನಿಗಳೆಂದುಕೊಂಡ ನಾಚಿಕೆಯನ್ನೂ ಅವನು ತೆರೆದಿಟ್ಟ. ಆ ಭ್ರಮೆ ಇಳಿದದ್ದು ಪಂಡಿತ ರೂಪಚಂದರು ಬಂದು ‘ಗೊಮ್ಮಟಸಾರ’ವನ್ನು ವಿವರಿಸಿದ ಮೇಲೆ. ನೇಮಿಚಂದ್ರರು ಚಾವುಂಡರಾಯನಿಗಾಗಿ ಕನ್ನಡನಾಡಿನಲ್ಲಿ ಬರೆದ ಗ್ರಂಥ ಆರು ಶತಮಾನಗಳ ನಂತರ ಆಗ್ರಾದಲ್ಲಿ ಒಬ್ಬ ವರ್ತಕನಿಗೆ ಬಟ್ಟೆ ತೊಡಿಸಿತು. ತನ್ನ ‘ನಾಟಕ ಸಮಯಸಾರ’ದ ರಚನೆಯನ್ನು, ತನ್ನ ಹೆಸರು ಇಂದಿಗೂ ಉಳಿದಿರುವ ಆ ಕೃತಿಯನ್ನು, ಅವನು ಆತ್ಮಕಥೆಯಲ್ಲಿ ಹೇಳಿಯೂ ಹೇಳದಂತೆ ದಾಟಿಹೋಗುತ್ತಾನೆ.