ಹದಿಮೂರನ್ನು ಹದಿಮೂರಾಗಿಯೇ ಬಿಡಿ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಲ್ಯಾಪ್‌ಟಾಪ್ ಹಿಡ್ಕೊಂಡು ಕ್ಲಬ್ ರೂಮಿಗೆ ಬಂದ. ಅವನ ಚಿಕ್ಕಪ್ಪನ ಮನೆಯವರು ಫ್ರಾನ್ಸಿನ ತುಲೂಸ್‌ನಲ್ಲಿದ್ದಾರೆ. ಚಿಕ್ಕಪ್ಪನ ಮಗಳು ಅಲ್ಲಿನ ಲಿಸೆಯಲ್ಲಿ, ಅಂದರೆ ಶಾಲೆಯ ಕೊನೇ ಮೂರು ವರ್ಷ ಓದುವ ಕಡೆ, ಕಡೇ ವರ್ಷದಲ್ಲಿದ್ದಳು. ಬ್ರಿಟನ್ನಿನ ಎರಡು ವಿಶ್ವವಿದ್ಯಾಲಯ, ಜೊತೆಗೆ ನಮ್ಮ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು, ಮೂರಕ್ಕೂ ಅರ್ಜಿ ಹಾಕಬೇಕಿತ್ತು. ಅಂಕಪಟ್ಟಿ ಪೂರ್ತಿ ಫ್ರೆಂಚಿನಲ್ಲಿ. ಸಹಿ, ಮುದ್ರೆ ಹಾಕಿಕೊಡೋಕೆ ಅಧಿಕೃತ ಅನುವಾದಕರು ಬೇರೆ ಇದ್ದರು. "ನೀವು ಮೂವರು ಫ್ರೆಂಚ್ ಕಲ್ತಿದ್ದೀರಲ್ಲ, ಒಂದು ಕರಡು ಮಾಡ್ಕೊಡ್ರೋ, ಅವರ ಕೆಲಸ ಬೇಗ ಆಗುತ್ತೆ" ಅಂದ.

ಅರ್ಧ ಗಂಟೆ ಕೆಲಸ ಅಂದ್ಕೊಂಡ್ವಿ. ಪದ ಬದಲಿಸೋದು, ಅಂಕವನ್ನ ಶೇಕಡಾಕ್ಕೆ ತರೋದು, ಅಷ್ಟೇ ತಾನೆ? ಫ್ರಾನ್ಸಿನಲ್ಲಿ ಅಂಕ ಇಪ್ಪತ್ತಕ್ಕೆ ಕೊಡ್ತಾರೆ. ಐದರಿಂದ ಗುಣಿಸಿದರೆ ನೂರಕ್ಕೆ ಬಂತು. ಗಣಿತ 13.2, ಅಂದರೆ 66. ಭೌತ-ರಸಾಯನ 14.5, ಅಂದರೆ 72.5. ತತ್ವಶಾಸ್ತ್ರ 11, ಅಂದರೆ 55. ಮುಗಿಸಿ ಗೆಳೆಯನಿಗೆ ತೋರಿಸಿದಾಗ ಅವನ ಮುಖ ಸಣ್ಣದಾಯ್ತು. "ಲೋ, ಚಿಕ್ಕಪ್ಪ ಇವಳು ತುಂಬಾ ಚೆನ್ನಾಗಿ ಓದ್ತಾಳೆ ಅಂತಿದ್ರಲ್ಲೋ!"

ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ತಪ್ಪು ನಮ್ಮ ಗುಣಾಕಾರದ್ದು. ಅಂಕಪಟ್ಟಿಯ ಅನುವಾದಕ ಅಂಕವನ್ನು ಮುಟ್ಟಲೇಬಾರದು ಅನ್ನೋದು ಆವತ್ತಿನಿಂದ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣ ಅದೇ ಹಾಳೆಯಲ್ಲಿ ಕಣ್ಣೆದುರೇ ಇತ್ತು.

ಫ್ರೆಂಚ್ ಶಾಲೆಯ ಅಂಕಪಟ್ಟಿಗೆ ಬುಲ್ತೆಂ ಅಂತಾರೆ, ಮೂರು ತಿಂಗಳಿಗೊಮ್ಮೆ ಬರುತ್ತೆ. ಅದರಲ್ಲಿ ವಿದ್ಯಾರ್ಥಿಯ ಅಂಕದ ಪಕ್ಕದಲ್ಲೇ ತರಗತಿಯ ಸರಾಸರಿ ಇರುತ್ತೆ. ಬಹಳಷ್ಟು ಶಾಲೆಗಳು ತರಗತಿಯ ಅತಿ ಕಡಿಮೆ, ಅತಿ ಹೆಚ್ಚು ಅಂಕವನ್ನೂ ಕೊಡ್ತವೆ. ಈ ಹುಡುಗಿಯ ಗಣಿತದ ಸಾಲಿನಲ್ಲಿ ಅವಳದು 13.2, ತರಗತಿಯ ಸರಾಸರಿ 10.8, ಕಡಿಮೆಯದು 5.1, ಹೆಚ್ಚಿನದು 17.4. ಒಂದೇ ಸಾಲು ಎಷ್ಟು ಹೇಳ್ತಿದೆ ನೋಡಿ. ಇಡೀ ತರಗತಿಯಲ್ಲಿ ಹದಿನೆಂಟು ಮುಟ್ಟಿದವರೇ ಇಲ್ಲ. ತತ್ವಶಾಸ್ತ್ರದಲ್ಲಿ ಸರಾಸರಿ 9.6, ಅದರ ಮುಂದೆ ಇವಳ 11 ಕೆಟ್ಟದ್ದೇನಲ್ಲ. ನಾವು ಮೊದಲ ಕರಡಿನಲ್ಲಿ "ಜಾಗ ಸಾಲಲ್ಲ" ಅಂತ ಈ ಮೂರು ಕಾಲಂಗಳನ್ನೇ ಬಿಟ್ಟಿದ್ವಿ. ಓದುವವರಿಗೆ ಅತಿ ಮುಖ್ಯವಾದದ್ದನ್ನ ತೆಗೆದುಹಾಕಿ, ಇಲ್ಲದ ಶೇಕಡಾವನ್ನ ಸೇರಿಸಿದ್ವಿ!

ಇಪ್ಪತ್ತರ ಈ ಅಳತೆ ನಮ್ಮ ನೂರರ ಅಳತೆಯನ್ನ ಐದು ಪಟ್ಟು ಕುಗ್ಗಿಸಿದ್ದಲ್ಲ. ಹತ್ತು ಬಂದರೆ ಪಾಸು. ಫ್ರೆಂಚಿನಲ್ಲಿ 'ಸರಾಸರಿ ಸಿಕ್ತು' ಅಂದರೆ ಹತ್ತು ಸಿಕ್ತು, ದಾಟಿದೆ ಅಂತಲೇ ಅರ್ಥ. ಶಾಲೆಯ ಕೊನೆಗೆ ಬರೆಯುವ ಬಾಕಲೋರಿಯಾ ಪರೀಕ್ಷೆಯಲ್ಲಿ, ಎಲ್ಲರೂ ಬಾಕ್ ಅಂತಾರಲ್ಲ ಅದರಲ್ಲಿ, ಹನ್ನೆರಡರಿಂದಲೇ ಗೌರವದರ್ಜೆ ಶುರು. ಹನ್ನೆರಡು ದಾಟಿದರೆ 'ಅಸ್ಸೆ ಬಿಯಾಂ', ಹದಿನಾಲ್ಕಕ್ಕೆ 'ಬಿಯಾಂ', ಹದಿನಾರಕ್ಕೆ 'ತ್ರೆ ಬಿಯಾಂ'. ಐದರಿಂದ ಗುಣಿಸಿದರೆ ಅರವತ್ತಕ್ಕೆ ಗೌರವದರ್ಜೆ ಕೊಟ್ಟಂಗಾಯ್ತು. ಅರವತ್ತು ಅಂದರೆ ನಮ್ಮ ಪಿಯುಸಿ ಲೆಕ್ಕದಲ್ಲಿ ಮನೆಯವರು ನೆಂಟರ ಮುಂದೆ ಹೇಳ್ಕೊಳ್ಳೋ ಅಂಕವಲ್ಲ, ಗೊತ್ತಲ್ಲ. ಅಲ್ಲಿಯೂ ವಿಷಯದಿಂದ ವಿಷಯಕ್ಕೆ ಕೈ ಬೇರೆ. ಲೆಕ್ಕ ಸರಿ ಮಾಡಿದರೆ ಗಣಿತದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬರಬಹುದು, ತತ್ವಶಾಸ್ತ್ರದ ಪ್ರಬಂಧಕ್ಕೆ ಹದಿನಾರು ಬಂದರೆ ಅದೇ ಹಬ್ಬ. ಹಾಗಾಗಿ ಎರಡಕ್ಕೂ ಹೊಂದುವ ಒಂದು ಸೂತ್ರ ಎಲ್ಲಿಂದ ತರೋದು?

"ಹಾಗಾದ್ರೆ ಸ್ವಲ್ಪ ಮೇಲಕ್ಕೆ ಎಳೆಯೋಣ, ಹದಿನಾರಕ್ಕೆ ನೂರು ಅಂತ ಇಟ್ಕೊಂಡ್ರೆ ಹದಿಮೂರಕ್ಕೆ ಎಂಬತ್ತರ ಮೇಲೆ ಬರುತ್ತೆ" ಅಂತ ನಮ್ಮಲ್ಲೇ ಒಬ್ಬ ಅಂದ. ಉದ್ದೇಶ ಒಳ್ಳೇದೇ. ಆದರೆ ಅನುವಾದದ ಜೊತೆ ಮೂಲ ಪ್ರತಿಯೂ ಹೋಗುತ್ತೆ. ಅಲ್ಲಿ 13.2 ಇದ್ದು ಇಲ್ಲಿ 82.5 ಇದ್ದರೆ, ನೋಡುವ ಅಧಿಕಾರಿಗೆ ಆ ಒಂದು ಅಂಕದ ಮೇಲಲ್ಲ, ಇಡೀ ಹಾಳೆಯ ಮೇಲೇ ಅನುಮಾನ ಬರುತ್ತೆ.

ಅಂಕ ಪರಿವರ್ತಿಸೋದು ಅವಶ್ಯವೇ ಇಲ್ಲ ಅಂತ ನಾವು ಹೇಳ್ತಿಲ್ಲ. ಅದು ಸ್ವೀಕರಿಸುವವರ ಕೆಲಸ. ವಿಟಿಯು ಹಿಂದಿನ ಸ್ಕೀಮ್‌ಗಳಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿ ಅಂತ ಹೇಳಿತ್ತು. ಆ ಸೂತ್ರಕ್ಕೆ ಬೆಲೆ ಬಂದದ್ದು ಅದನ್ನ ವಿಶ್ವವಿದ್ಯಾಲಯವೇ ಕೊಟ್ಟಿತ್ತು ಅನ್ನೋ ಕಾರಣಕ್ಕೆ. ಜೆರಾಕ್ಸ್ ಅಂಗಡಿಯವನು ಕೊಟ್ಟಿದ್ದರೆ ಯಾರು ಒಪ್ತಿದ್ರು? ಅನುವಾದಕನ ಸ್ಥಾನವೂ ಹೆಚ್ಚುಕಮ್ಮಿ ಜೆರಾಕ್ಸ್ ಅಂಗಡಿಯದ್ದೇ. ಅಮೆರಿಕ, ಕೆನಡಾಕ್ಕೆ ಹೋಗೋರಿಗೆ ವರ್ಲ್ಡ್ ಎಜುಕೇಶನ್ ಸರ್ವೀಸಸ್‌ನಂಥ ಮೌಲ್ಯಮಾಪನ ಸಂಸ್ಥೆಗಳಿವೆ, ಅವರ ಬಳಿ ದೇಶಕ್ಕೊಂದು ಕೋಷ್ಟಕ ಇರುತ್ತೆ. ಬ್ರಿಟನ್ನಿನ ಎಷ್ಟೋ ವಿಶ್ವವಿದ್ಯಾಲಯಗಳಂತೂ ಬಾಕ್‌ನಲ್ಲಿ ಇಪ್ಪತ್ತಕ್ಕೆ ಇಷ್ಟು ಬೇಕು ಅಂತ ನೇರವಾಗಿಯೇ ಬರೆದಿರ್ತವೆ. ಹದಿನಾಲ್ಕು ಬೇಕು ಅನ್ನುವವರ ಮುಂದೆ ಎಪ್ಪತ್ತು ಅಂತ ಇಟ್ಟರೆ ಅವರು ಮತ್ತೆ ಐದರಿಂದ ಭಾಗಿಸ್ಬೇಕು.

ಕೋರ್ಸುಗಳ ಹೆಸರಿನ ಪಾಡು ಬೇರೆ. ಅಂಕವನ್ನ ಮುಟ್ಟಬಾರದು, ಹೆಸರನ್ನ ಮುಟ್ಟದೆ ವಿಧಿಯಿಲ್ಲ. ನಾವು ಮೊದಲು ಎಡವಿದ್ದು ತರಗತಿಯ ಹೆಸರಿನಲ್ಲೇ. ಲಿಸೆಯ ಮೂರು ವರ್ಷಗಳು ಸೆಗೋಂದ್, ಪ್ರೆಮಿಯೇರ್, ತೆರ್ಮಿನಾಲ್. ಪದಶಃ ನೋಡಿದರೆ 'ಎರಡನೆಯದು', 'ಮೊದಲನೆಯದು', 'ಕಡೆಯದು'. ಅಲ್ಲಿ ತರಗತಿಗಳನ್ನ ಹಿಂದಕ್ಕೆ ಎಣಿಸ್ತಾರೆ. ಸೆಗೋಂದ್ ನಮ್ಮ ಹತ್ತನೇ ಕ್ಲಾಸಿಗೆ, ಪ್ರೆಮಿಯೇರ್ ಮೊದಲ ಪಿಯುಸಿಗೆ, ತೆರ್ಮಿನಾಲ್ ಎರಡನೇ ಪಿಯುಸಿಗೆ ಸಮ. ನಮ್ಮ ಕರಡಿನಲ್ಲಿ ಹುಡುಗಿ ಸೆಕೆಂಡ್ ಇಯರ್ ಮುಗಿಸಿ ಫಸ್ಟ್ ಇಯರಿಗೆ ಹೋಗಿದ್ದಳು! ಯಾವುದೇ ಫ್ರೆಂಚ್ ಅಂಕಪಟ್ಟಿಯ ಅನುವಾದ ಕೈಗೆ ಬಂದರೆ ಮೊದಲು ಇದನ್ನ ನೋಡಿ. ಎರಡು ಒಂದಕ್ಕಿಂತ ಮುಂಚೆ ಬಂದಿದ್ದರೆ ಅನುವಾದಿಸಿದವರಿಗೆ ಆ ಶಾಲೆಗಳ ಪರಿಚಯವೇ ಇಲ್ಲ. 'ಕಾಲೇಜ್' ಅಂತ ಕಂಡರೆ ಅದು ಆರರಿಂದ ಒಂಬತ್ತನೇ ಕ್ಲಾಸಿನ ಶಾಲೆ. ಬಾಕಲೋರಿಯಾ ಅಂದರೆ ಬ್ಯಾಚುಲರ್ ಪದವಿಯೂ ಅಲ್ಲ.

ಇನ್ನು ವಿಷಯಗಳು. ನಮ್ಮಂಥ ಕಂಪ್ಯೂಟರ್ ಸೈನ್ಸಿನವರಿಗೆ ಮೊದಲು ಕಣ್ಣಿಗೆ ಬಿದ್ದದ್ದು 'ನ್ಯುಮೆರಿಕ್' ಅನ್ನೋ ಪದ. ನ್ಯೂಮೆರಿಕಲ್ ಮೆಥಡ್ಸ್ ಇರ್ಬೇಕು, ನಾಲ್ಕನೇ ಸೆಮಿಸ್ಟರಿನ ಕರ್ಮ ಇವಳಿಗೆ ಈಗಲೇ ಬಂತಾ ಅಂತ ಮರುಗಿದ್ವಿ. ಅದು ಹಾಗಲ್ಲ. ಫ್ರೆಂಚಿನಲ್ಲಿ ನ್ಯುಮೆರಿಕ್ ಅಂದರೆ ಡಿಜಿಟಲ್. ಎನ್‌ಎಸ್‌ಐ ಅನ್ನುವ ಆ ವಿಷಯದಲ್ಲಿ ಇರೋದು ಪೈಥಾನ್, ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ನೆಟ್‌ವರ್ಕ್. 'ಲಾಂಗ್ ವಿವಾಂತ್' ಪದಶಃ 'ಜೀವಂತ ಭಾಷೆ', ಇಂಗ್ಲಿಷಿನಲ್ಲಿ ಮಾಡರ್ನ್ ಲ್ಯಾಂಗ್ವೇಜ್ ಅಂದರೆ ಸಾಕು. ಮೇಷ್ಟ್ರ ಷರಾ ಇರುವ ಕಾಲಂಗೆ 'ಅಪ್ರೆಸಿಯಾಸಿಯೋಂ' ಅಂತ ಹೆಸರು, ಅದು ಅಪ್ರಿಸಿಯೇಷನ್ ಅಲ್ಲ. ಅಲ್ಲಿ ಬೈಗುಳವೂ ಇರಬಹುದು.

ಗಣಿತ ಎರಡು ಸಾಲಿನಲ್ಲಿತ್ತು, ಎರಡರಲ್ಲೂ ಬೇರೆ ಅಂಕ. ಒಂದನ್ನ ತಪ್ಪಿ ಎರಡು ಸಲ ಅಚ್ಚು ಮಾಡಿದ್ದಾರೆ ಅಂತ ತೆಗೆಯೋಕೆ ಹೊರಟಿದ್ವಿ. ನಮಗೆ ಫ್ರೆಂಚ್ ಕಲಿಸುವ ಮೇಡಂ ತಡೆದರು. 2021ರ ಬಾಕ್‌ನಿಂದ ಅಲ್ಲಿ ಸೈನ್ಸ್, ಆರ್ಟ್ಸ್ ಅಂತ ಹಳೇ ವಿಭಾಗಗಳಿಲ್ಲ. ಪ್ರೆಮಿಯೇರ್‌ನಲ್ಲಿ ಮೂರು ವಿಶೇಷ ವಿಷಯ ಆರಿಸ್ಕೊಳ್ತಾರೆ, ತೆರ್ಮಿನಾಲ್‌ಗೆ ಒಂದನ್ನ ಬಿಟ್ಟು ಎರಡು ಉಳಿಸ್ಕೊಳ್ತಾರೆ. ವಿಶೇಷ ವಿಷಯದ ಗಣಿತ ವಾರಕ್ಕೆ ಆರು ಗಂಟೆ. ಅದರ ಮೇಲೆ ಇನ್ನೂ ಬೇಕು ಅನ್ನೋರಿಗೆ 'ಮಾತೆಮಾತಿಕ್ ಎಕ್ಸ್‌ಪೆರ್ತ್', ಮತ್ತೆ ಮೂರು ಗಂಟೆ. ವಿಶೇಷ ಗಣಿತ ಬಿಟ್ಟವರಿಗೆ 'ಕೋಂಪ್ಲೆಮಾಂತೇರ್' ಅಂತ ಬೇರೊಂದು. ಮೂರನ್ನೂ ಬರೀ 'ಮ್ಯಾಥಮೆಟಿಕ್ಸ್' ಅಂತ ಬರೆದರೆ ವಾರಕ್ಕೆ ಒಂಬತ್ತು ಗಂಟೆ ಓದಿದವಳೂ ಮೂರು ಗಂಟೆ ಓದಿದವಳೂ ಒಂದೇ ಆಗಿಬಿಡ್ತಾರೆ. ಇಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕುವವಳಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನು?

ನಮಗೆ ಅತಿ ಹೆಚ್ಚು ಆಸೆ ಹುಟ್ಟಿಸಿದ್ದು ಭೌತ-ರಸಾಯನದ ಸಾಲು. ಅಲ್ಲಿ ಅದು ಒಂದೇ ವಿಷಯ, ಒಂದೇ ಅಂಕ. ನಮ್ಮ ಕಡೆಯ ಕಾಲೇಜಿನ ಅರ್ಜಿಯಲ್ಲಿ ಫಿಸಿಕ್ಸಿಗೆ ಒಂದು ಕಾಲಂ, ಕೆಮಿಸ್ಟ್ರಿಗೆ ಒಂದು. ಎರಡಕ್ಕೂ 14.5 ಅಂತ ತುಂಬಿಬಿಟ್ಟರೆ ಯಾರಿಗೇನು ತೊಂದರೆ ಅನ್ನಿಸ್ತು. ಆದರೆ ಅವಳಿಗೆ ಯಾರೂ ಫಿಸಿಕ್ಸಿನಲ್ಲಿ 14.5 ಕೊಟ್ಟಿಲ್ಲ. ಒಂದನ್ನ ಎರಡು ಮಾಡಿದ ಕ್ಷಣ ಅದು ಅನುವಾದವಾಗಿ ಉಳಿಯಲ್ಲ, ನಾವೇ ಒಂದು ಅಂಕಪಟ್ಟಿ ಸೃಷ್ಟಿ ಮಾಡಿದಂಗೆ. 'ಫಿಸಿಕ್ಸ್-ಕೆಮಿಸ್ಟ್ರಿ' ಅಂತ ಒಂದೇ ಸಾಲು ಇಟ್ವಿ.

ಎರಡನೇ ಕರಡು ಹೀಗಾಯ್ತು. ಪ್ರತಿ ವಿಷಯದ ಇಂಗ್ಲಿಷ್ ಹೆಸರಿನ ಕೆಳಗೆ ಮೂಲ ಫ್ರೆಂಚ್ ಹೆಸರು ಓರೆ ಅಕ್ಷರದಲ್ಲಿ. ಅಂಕಗಳು ಇಪ್ಪತ್ತಕ್ಕೆ ಇದ್ದದ್ದು ಇದ್ದ ಹಾಗೇ. ಫ್ರೆಂಚರು ದಶಮಾಂಶಕ್ಕೆ ಅಲ್ಪವಿರಾಮ ಹಾಕ್ತಾರೆ, ಅದನ್ನ ಮಾತ್ರ ಚುಕ್ಕಿ ಮಾಡಿದ್ವಿ. ತರಗತಿಯ ಸರಾಸರಿ, ಕನಿಷ್ಠ, ಗರಿಷ್ಠ ಮೂರೂ ಕಾಲಂ ವಾಪಸ್ ಬಂದವು. ಕೊನೆಗೆ 'ಅನುವಾದಕರ ಟಿಪ್ಪಣಿ' ಅಂತ ಸ್ಪಷ್ಟವಾಗಿ ಹೆಸರಿಟ್ಟು ನಾಲ್ಕು ಸಾಲು: ಅಳತೆ ಸೊನ್ನೆಯಿಂದ ಇಪ್ಪತ್ತು, ಪಾಸಿಗೆ ಹತ್ತು, ಬಾಕ್‌ನ ಗೌರವದರ್ಜೆಗಳು ಯಾವ ಅಂಕದಿಂದ ಶುರು, ಯಾವ ಗಣಿತಕ್ಕೆ ವಾರಕ್ಕೆ ಎಷ್ಟು ಗಂಟೆ. ಮೂಲದಲ್ಲಿ ಇಲ್ಲದ ಮಾತು ಎಲ್ಲಾದರೂ ಇದ್ದರೆ ಅದು ಆ ಟಿಪ್ಪಣಿಯಲ್ಲಿ ಮಾತ್ರ.

ಜುಲೈಯಲ್ಲಿ ಬಾಕ್ ಅಂಕಪಟ್ಟಿ ಬಂದಾಗಲೂ ಹಾಗೇ ಮಾಡಿದ್ವಿ. ಅದರಲ್ಲಿ ಪ್ರತಿ ವಿಷಯಕ್ಕೂ ಒಂದು ಗುಣಾಂಕ ಇರುತ್ತೆ, ವಿಶೇಷ ವಿಷಯಕ್ಕೆ ಹದಿನಾರಾದರೆ ತತ್ವಶಾಸ್ತ್ರಕ್ಕೆ ಎಂಟು. ಒಟ್ಟು ಸರಾಸರಿಯನ್ನ ನಾವೇ ಒಮ್ಮೆ ಲೆಕ್ಕ ಹಾಕಿ ನೋಡೋಣ ಅಂತ ಕೈ ಕಡಿತಿತ್ತು. ಮೇಡಂ ಬೇಡ ಅಂದರು. ಗೌರವದರ್ಜೆಗೆ ಸ್ವಲ್ಪದರಲ್ಲಿ ತಪ್ಪಿದವರಿಗೆ ಅಲ್ಲಿನ ಪರೀಕ್ಷಾ ಮಂಡಳಿ ಒಂದಿಷ್ಟು ಅಂಕ ಸೇರಿಸಿ ಕೊಡಬಹುದು, ಆಗ ನಮ್ಮ ಲೆಕ್ಕಕ್ಕೂ ಹಾಳೆಗೂ ತಾಳೆಯಾಗಲ್ಲ.

ಉಳಿದದ್ದು ನಮ್ಮ ಕಡೆಯ ಕಾಲೇಜಿನ ಅರ್ಜಿ. ಆನ್‌ಲೈನ್ ಫಾರಂನಲ್ಲಿ 'ಶೇಕಡಾವಾರು' ಅನ್ನೋ ಚೌಕ ತುಂಬದೆ ಮುಂದಿನ ಪುಟಕ್ಕೇ ಹೋಗ್ತಿರಲಿಲ್ಲ. ಗೆಳೆಯ ಮತ್ತೆ ಬಂದ, "ಈಗ ಏನ್ರೋ ಮಾಡೋದು, ಐದರಿಂದ ಗುಣಿಸ್ಲೇಬೇಕಾ?" ಕಚೇರಿಗೆ ಫೋನ್ ಮಾಡಿಸಿದ್ವಿ. ಫಾರಂನಲ್ಲಿ ಸೊನ್ನೆ ಹಾಕಿ, ಮೂಲ ಪ್ರತಿ, ಅನುವಾದ ಮತ್ತು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನ ಪತ್ರ ಮೂರನ್ನೂ ಲಗತ್ತಿಸಿ, ಅಂಕ ನಾವೇ ನೋಡ್ಕೊಳ್ತೀವಿ ಅಂದರು. ಇಷ್ಟಕ್ಕೆ ಒಂದು ಫೋನ್ ಸಾಕಿತ್ತು. ಮೊದಲ ದಿನ ಅದನ್ನ ಮಾಡೋದು ಬಿಟ್ಟು ಕ್ಯಾಲ್ಕ್ಯುಲೇಟರ್ ತೆಗೆದಿದ್ವಿ.