ಚಿನ್ನದ ಬಾಂಡ್, ಬಡ್ಡಿ ಮತ್ತು ಮಜೂರಿ

ನಮ್ಮ ಔರಾದ ತಾಲೂಕಿನ ಮುಸ್ಲಿಮ್ ಕುಟುಂಬಗಳಲ್ಲಿ ಚಿನ್ನವೆಂದರೆ ಉಳಿತಾಯ, ಉಳಿತಾಯವೆಂದರೆ ಚಿನ್ನ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಹೆಣ್ಣುಮಗು ಹುಟ್ಟಿದ ವರ್ಷದಿಂದಲೇ ತೊಲೆ, ಅರ್ಧ ತೊಲೆ ಎಂದು ಕೂಡಿಡಲಾರಂಭಿಸುವ ತಾಯಂದಿರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಈ ಮನೆಗಳಲ್ಲಿ ಒಂದು ಹೊಸ ವಾದ ಕೇಳಿಬರುತ್ತಿದೆ. ಸರಕಾರದ ಸಾರ್ವಭೌಮ ಚಿನ್ನದ ಬಾಂಡ್ ಕೊಂಡವರು ಲಾಭ ಮಾಡಿಕೊಂಡರು, ಒಡವೆ ಕೊಂಡ ನಾವು ಹಿಂದುಳಿದೆವು, ಬಡ್ಡಿಗೆ ಅಂಜಿದ್ದರಿಂದಲೇ ನಮಗೆ ಈ ನಷ್ಟವಾಯಿತು ಎಂಬುದು ಆ ವಾದ. ಓದಿದ ಯುವಕರೇ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಧರ್ಮ ಪಾಲಿಸಿದ್ದಕ್ಕೆ ದಂಡ ತೆತ್ತೆವು ಎಂಬ ಭಾವನೆ ಇದರೊಳಗೆ ಅಡಗಿರುವುದರಿಂದ ಇದನ್ನು ಲೆಕ್ಕದ ಮೂಲಕವೇ ಪರೀಕ್ಷಿಸುವುದು ಸೂಕ್ತವೆಂದು ನಮಗೆ ತೋರುತ್ತದೆ.

ಬಾಂಡ್ ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ಕೇಂದ್ರ ಸರಕಾರದ ಪರವಾಗಿ ರಿಸರ್ವ್ ಬ್ಯಾಂಕ್ 2015ರ ನವೆಂಬರಿನಿಂದ ಇದನ್ನು ಹೊರಡಿಸುತ್ತಾ ಬಂತು. ಹಣ ಕೊಟ್ಟವನಿಗೆ ಚಿನ್ನ ಸಿಗುವುದಿಲ್ಲ. ಇಷ್ಟು ಗ್ರಾಮ್ ಎಂದು ಬರೆದ ಪತ್ರ ಸಿಗುತ್ತದೆ. ಎಂಟು ವರ್ಷಗಳ ನಂತರ ಅಷ್ಟು ಗ್ರಾಮ್ ಅಪ್ಪಟ ಚಿನ್ನಕ್ಕೆ ಆ ದಿನಗಳಲ್ಲಿ ಎಷ್ಟು ಬೆಲೆಯಿದೆಯೋ ಅಷ್ಟು ರೂಪಾಯಿಯನ್ನು ಸರಕಾರ ಹಿಂದಿರುಗಿಸುತ್ತದೆ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. ಬಡ್ಡಿಯ ದರ ಮೊದಲ ಕಂತುಗಳಲ್ಲಿ ವರ್ಷಕ್ಕೆ ಶೇ. 2.75 ಇತ್ತು, ನಂತರ ಶೇ. 2.50 ಆಯಿತು. ಈ ಬಡ್ಡಿಯನ್ನು ಏರಿದ ಬೆಲೆಯ ಮೇಲಲ್ಲ, ಮೊದಲು ಕೊಟ್ಟ ಹಣದ ಮೇಲೆ ಮಾತ್ರ ಕೊಡಲಾಗುತ್ತದೆ. ಒಟ್ಟಿನಲ್ಲಿ ಇದು ಚಿನ್ನದ ಬೆಲೆಗೆ ಕಟ್ಟಿದ ಒಂದು ಸಾಲ. ಕೊಟ್ಟವರು ನಾವು, ಪಡೆದದ್ದು ಸರಕಾರ.

ಈಗ ಮೊಟ್ಟಮೊದಲ ಬಾಂಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2015ರ ನವೆಂಬರ್ 30ರಂದು ಅದು ಗ್ರಾಮಿಗೆ 2,684 ರೂಪಾಯಿಯಂತೆ ಹೊರಬಂತು. 2023ರ ನವೆಂಬರ್ 30ರಂದು ಗ್ರಾಮಿಗೆ 6,132 ರೂಪಾಯಿಯಂತೆ ಮರುಪಾವತಿಯಾಯಿತು. ಹತ್ತು ಗ್ರಾಮಿನ ಬಾಂಡ್ ಕೊಂಡವನು ಕೊಟ್ಟದ್ದು 26,840 ರೂಪಾಯಿ, ಎಂಟು ವರ್ಷಗಳ ಬಳಿಕ ಪಡೆದದ್ದು 61,320 ರೂಪಾಯಿ. ಬಡ್ಡಿ ವರ್ಷಕ್ಕೆ 738 ರೂಪಾಯಿ ಹತ್ತು ಪೈಸೆಯಂತೆ ಎಂಟು ವರ್ಷಕ್ಕೆ ಸುಮಾರು 5,905 ರೂಪಾಯಿ. ಎರಡೂ ಸೇರಿ 67,225 ರೂಪಾಯಿ.

ಅದೇ ದಿನ ಅದೇ 26,840 ರೂಪಾಯಿಯೊಂದಿಗೆ ಇನ್ನೊಬ್ಬರು ಸರಾಫರ ಅಂಗಡಿಗೆ ಹೋಗಿ 22 ಕ್ಯಾರೆಟಿನ ಒಡವೆ ಮಾಡಿಸಿದರೆಂದು ಭಾವಿಸೋಣ. ಮಜೂರಿ ಮತ್ತು ವೇಸ್ಟೇಜ್ ಸೇರಿ ಚಿನ್ನದ ಬೆಲೆಯ ಮೇಲೆ ಶೇ. 12 ಎಂದು ಹಿಡಿಯೋಣ. ಸರಳವಾದ ಬಳೆಗೆ ಇದಕ್ಕಿಂತ ಕಡಿಮೆ, ಸೂಕ್ಷ್ಮ ಕೆಲಸದ ಹಾರಕ್ಕೆ ಇದಕ್ಕಿಂತ ಹೆಚ್ಚು ಇರುವುದು ಎಲ್ಲರಿಗೂ ಗೊತ್ತು. ಆಗಿನ ತೆರಿಗೆಯನ್ನು ಒಡವೆಯ ಪರವಾಗಿ ಬಿಟ್ಟೇಬಿಡೋಣ. 26,840 ರೂಪಾಯಿಯಲ್ಲಿ ಚಿನ್ನವಾಗಿ ಮನೆಗೆ ಬಂದದ್ದು 23,964 ರೂಪಾಯಿಯ ಚಿನ್ನ ಮಾತ್ರ. ಉಳಿದ 2,876 ರೂಪಾಯಿ ಮಜೂರಿಗೆ ಹೋಯಿತು. ಎಂಟು ವರ್ಷಗಳ ನಂತರ ಅದೇ ಬೆಲೆಯೇರಿಕೆಯಲ್ಲಿ ಆ ಒಡವೆಯ ಚಿನ್ನಕ್ಕೆ ಬರುವ ಬೆಲೆ 54,750 ರೂಪಾಯಿ. ಅದೂ ಸರಾಫರು ಕರಗಿಸುವಿಕೆಯ ಹೆಸರಿನಲ್ಲಿ ಏನನ್ನೂ ಕಡಿತ ಮಾಡದಿದ್ದರೆ.

ಬಾಂಡಿಗೂ ಒಡವೆಗೂ ಇರುವ ವ್ಯತ್ಯಾಸ 12,475 ರೂಪಾಯಿ. ಇದರಲ್ಲಿ ಬಡ್ಡಿಯ ಪಾಲು 5,905. ಉಳಿದ 6,570 ರೂಪಾಯಿ ಎಲ್ಲಿಂದ ಬಂತು? ಅದು ಅಂದು ಮಜೂರಿಗೆ ಹೋದ 2,876 ರೂಪಾಯಿಯೇ. ಆ ಹಣ ಚಿನ್ನವಾಗಿ ಉಳಿದಿದ್ದರೆ ಎಂಟು ವರ್ಷಗಳಲ್ಲಿ ಬೆಳೆದು 6,570 ಆಗುತ್ತಿತ್ತು. ಬಡ್ಡಿಯನ್ನು ಮುಟ್ಟದ್ದರಿಂದ ಆದ "ನಷ್ಟ"ಕ್ಕಿಂತ ಮಜೂರಿಯಿಂದ ಆದ ನಷ್ಟ ದೊಡ್ಡದು. ನಮ್ಮ ಯುವಕರು ಬೆರಳು ತೋರಿಸುತ್ತಿರುವ ದಿಕ್ಕು ತಪ್ಪಾಗಿದೆ ಎಂದು ನಾವು ಹೇಳುವುದು ಇದಕ್ಕಾಗಿ.

ಇದಕ್ಕೆ ಪುರಾವೆಯಾಗಿ ಮೂರನೆಯವರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ಅದೇ ಹಣಕ್ಕೆ ಒಡವೆಯ ಬದಲು 24 ಕ್ಯಾರೆಟಿನ ನಾಣ್ಯ ಕೊಂಡರು, ಅದರ ಮೇಲೆ ಶೇ. 3ರಷ್ಟು ಹೆಚ್ಚು ತೆತ್ತರು. ಅವರ ನಾಣ್ಯದ ಬೆಲೆ 2023ರಲ್ಲಿ 59,534 ರೂಪಾಯಿ. ಬಡ್ಡಿಯಿಲ್ಲದ ಬಾಂಡಿನ 61,320ಕ್ಕೆ ಹೋಲಿಸಿದರೆ ಕಡಿಮೆ ಬಿದ್ದದ್ದು 1,786 ರೂಪಾಯಿ. ಕೈಯಲ್ಲಿ ನಿಜವಾದ ಚಿನ್ನವಿತ್ತು, ಬೇಕಾದ ದಿನ ಮಾರಬಹುದಿತ್ತು, ಬಡ್ಡಿಯ ಸೋಂಕೂ ಇರಲಿಲ್ಲ.

ಬಡ್ಡಿಯ ಕುರಿತು ಇನ್ನೊಂದು ಮಾತು ಪ್ರಚಾರದಲ್ಲಿದೆ. ಬಾಂಡಿನ ಬಡ್ಡಿ ಶೇ. 2.5, ಝಕಾತ್ ಕೂಡಾ ಶೇ. 2.5, ಒಂದು ಇನ್ನೊಂದನ್ನು ತೀರಿಸುತ್ತದೆ ಎಂಬುದು ಆ ಮಾತು. ಕೇಳಲು ಜಾಣತನವಿದೆ, ಆದರೆ ಎರಡು ಕಡೆ ಮುರಿದುಬೀಳುತ್ತದೆ. ಝಕಾತ್ ನಮ್ಮ ಶುದ್ಧ ಸಂಪತ್ತಿನಿಂದ ಹೊರಡಬೇಕಾದ ಹಕ್ಕು. ಬಡ್ಡಿಯ ಹಣದಿಂದ ಅದು ಸಂದಾಯವಾಗುವುದಿಲ್ಲ. ಇನ್ನು ಲೆಕ್ಕವೂ ಹೊಂದುವುದಿಲ್ಲ. ಬಡ್ಡಿ ಹಳೆಯ ಬೆಲೆಯ ಮೇಲೆ ನಿಂತಿರುತ್ತದೆ, ಝಕಾತನ್ನು ಇಂದಿನ ಬೆಲೆಯ ಮೇಲೆ ಕೊಡಬೇಕು. ಮೇಲಿನ ಬಾಂಡಿನ ಆರಂಭದಲ್ಲಿ ಬಡ್ಡಿ 738 ರೂಪಾಯಿ, ಝಕಾತ್ 671 ರೂಪಾಯಿ. 2023ಕ್ಕೆ ಬಡ್ಡಿ ಅದೇ 738, ಝಕಾತ್ 1,533. ನಿಸಾಬ್ ಮುಟ್ಟಿದ ಮನೆಯಲ್ಲಿ ಝಕಾತ್ ಚಿನ್ನದೊಂದಿಗೆ ಬೆಳೆಯುತ್ತದೆ, ಬಡ್ಡಿ ಬೆಳೆಯುವುದಿಲ್ಲ.

ಝಕಾತಿನ ಲೆಕ್ಕದಲ್ಲೂ ಮಜೂರಿಗೆ ಬೆಲೆಯಿಲ್ಲ ಎಂಬುದನ್ನು ನೆನಪಿಡಬೇಕು. ಕರಾವಳಿಯ ಶಾಫಿ ಸಹೋದರರಲ್ಲಿ ಧರಿಸುವ ಒಡವೆಗೆ ವಿನಾಯಿತಿಯಿದೆ. ಬೀದರಿನ ಕಡೆಯ ನಾವು ಬಹುತೇಕ ಹನಫಿಗಳು, ನಮ್ಮಲ್ಲಿ ಧರಿಸಿದ ಒಡವೆಗೂ ಝಕಾತ್ ಕಡ್ಡಾಯ. ಆದರೆ ಅದು ಚಿನ್ನದ ತೂಕಕ್ಕೆ, ಸರಾಫರಿಗೆ ಕೊಟ್ಟ ಕೂಲಿಗಲ್ಲ. ಶರೀಅತ್ ಯಾವುದನ್ನು ಸಂಪತ್ತೆಂದು ಎಣಿಸುತ್ತದೆಯೋ ಅದನ್ನೇ ಮಾರುಕಟ್ಟೆಯೂ ಮರಳಿ ಕೊಳ್ಳುತ್ತದೆ.

ಇಂದು ಒಡವೆ ಕೊಳ್ಳುವವರ ಸ್ಥಿತಿ ಮೇಲಿನ ಉದಾಹರಣೆಗಿಂತ ಬಿಗಿ. 2017ರ ಜುಲೈಯಿಂದ ಚಿನ್ನಕ್ಕೆ ಶೇ. 3 ಜಿಎಸ್‌ಟಿ ಇದೆ, ಒಡವೆಯ ಬಿಲ್ಲಿನಲ್ಲಿ ಅದನ್ನು ಸಾಮಾನ್ಯವಾಗಿ ಮಜೂರಿ ಸೇರಿದ ಒಟ್ಟು ಮೊತ್ತದ ಮೇಲೆ ಹಾಕುತ್ತಾರೆ. ಒಂದು ಲಕ್ಷ ರೂಪಾಯಿಯ ಚಿನ್ನ, ಹನ್ನೆರಡು ಸಾವಿರ ಮಜೂರಿ, ಎರಡರ ಮೇಲೆ 3,360 ರೂಪಾಯಿ ತೆರಿಗೆ, ಒಟ್ಟು 1,15,360. ಅಂಗಡಿಯ ಮೆಟ್ಟಿಲಿಳಿದು ಪಕ್ಕದ ಅಂಗಡಿಯಲ್ಲಿ ಮಾರಿದರೆ ಒಂದು ಲಕ್ಷಕ್ಕಿಂತ ಹೆಚ್ಚು ಬರುವುದಿಲ್ಲ. ಚಿನ್ನದ ಬೆಲೆ ಶೇ. 15ಕ್ಕೂ ಹೆಚ್ಚು ಏರಿದ ಮೇಲಷ್ಟೇ ಹಾಕಿದ ಹಣ ಮರಳುತ್ತದೆ.

ಇದರೊಂದಿಗೆ ನಮ್ಮ ಕಡೆಯ ಮದುವೆಗಳಲ್ಲಿ ತಪ್ಪದೆ ಬರುವ ಕರಿಮಣಿಯ ಲಚ್ಛಾ, ಒಳಗೆ ಅರಗು ತುಂಬಿದ ಒಡವೆ, ಹರಳು ಕೂರಿಸಿದ ಜುಮಕಿಗಳ ಲೆಕ್ಕ ಬೇರೆಯೇ ಇದೆ. ಕೊಳ್ಳುವಾಗ ಮಣಿ, ಅರಗು, ಹರಳುಗಳ ತೂಕವನ್ನು ಕಳೆದು ನಿವ್ವಳ ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳದಿದ್ದರೆ ಚಿನ್ನದ ದರದಲ್ಲಿ ಅರಗು ಕೊಂಡಂತಾಗುತ್ತದೆ. ಮಾರುವ ದಿನ ಮಾತ್ರ ಆ ತೂಕವನ್ನು ಯಾರೂ ಮರೆಯುವುದಿಲ್ಲ! ತೊಲೆಯ ಮಾತೂ ಹೀಗೆಯೇ. ಹಳೆಯ ತೊಲೆ 11.66 ಗ್ರಾಮ್, ಇಂದಿನ ಅಂಗಡಿಗಳ ತೊಲೆ ಹತ್ತು ಗ್ರಾಮ್. ಮಹ್ರ್ ನಿಗದಿಪಡಿಸುವಾಗ "ಐದು ತೊಲೆ" ಎಂದು ಬರೆದು ಸುಮ್ಮನಾದರೆ ಎರಡರ ನಡುವೆ ಎಂಟು ಗ್ರಾಮಿಗೂ ಹೆಚ್ಚಿನ ಅಂತರ ಉಳಿಯುತ್ತದೆ. ನಿಕಾಹ್‌ನಾಮೆಯಲ್ಲಿ ಗ್ರಾಮನ್ನೂ ಕ್ಯಾರೆಟನ್ನೂ ಬರೆಯಬೇಕೆಂದು ನಾವು ಖಾಝಿಗಳಲ್ಲಿ ವಿನಂತಿಸುತ್ತೇವೆ.

ಶುದ್ಧತೆಯ ವಿಷಯದಲ್ಲಿ ಈಗ ಸ್ವಲ್ಪ ನೆಮ್ಮದಿಯಿದೆ. 2023ರ ಎಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ 22K916ರಂತಹ ಗುರುತಿನೊಂದಿಗೆ HUID ಎಂಬ ಆರು ಅಕ್ಷರ-ಅಂಕಿಗಳ ಸಂಖ್ಯೆ ಇರಲೇಬೇಕು. BIS Care ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ಒಡವೆಯ ವಿವರ ತಿಳಿಯುತ್ತದೆ. ಉದಗೀರಕ್ಕೋ ಹೈದರಾಬಾದಿಗೋ ಹೋಗಿ ಕೊಂಡರೂ ಈ ನಿಯಮ ಒಂದೇ. ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ಕಚ್ಚಾ ಬಿಲ್ಲಿಗೆ ಒಪ್ಪಿ ತೆರಿಗೆ ಉಳಿಸಿದೆವೆಂದು ಹಿಗ್ಗುವವರು, ಮುಂದೆ ತಕರಾರು ಬಂದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲವೆಂಬುದನ್ನು ಮರೆಯುತ್ತಾರೆ.

ಒಡವೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಚಿನ್ನ ಧರಿಸುವುದನ್ನು ಧರ್ಮ ಅನುಮತಿಸಿದೆ, ಧರಿಸುವ ಸಂತೋಷಕ್ಕೆ ಕೊಟ್ಟ ಬೆಲೆಯೇ ಮಜೂರಿ. ಧರಿಸದೆ ಡಬ್ಬಿಯಲ್ಲಿಟ್ಟ ಒಡವೆಗೂ ಆ ಬೆಲೆಯನ್ನು ತೆರುವುದು ನಮಗೆ ಅರ್ಥವಾಗದ ಸಂಗತಿ. ಮಗಳ ಓದಿಗೆ, ಹಜ್ಜಿಗೆ, ಕಷ್ಟದ ದಿನಕ್ಕೆ ಎಂದು ಕೂಡಿಡುವ ಚಿನ್ನವನ್ನು ನಾಣ್ಯವಾಗಿಯೋ ಗಟ್ಟಿಯಾಗಿಯೋ ಇಡಬೇಕು, ಅದಕ್ಕೂ ಹಾಲ್‌ಮಾರ್ಕ್ ಮತ್ತು ಪಕ್ಕಾ ಬಿಲ್ಲು ಬೇಕು. ಬ್ಯಾಂಕುಗಳು ತಾವು ಮಾರಿದ ನಾಣ್ಯವನ್ನು ಮರಳಿ ಕೊಳ್ಳುವುದಿಲ್ಲ, ಆದ್ದರಿಂದ ಮರಳಿ ಕೊಳ್ಳುವ ಷರತ್ತನ್ನು ಮೊದಲೇ ಹೇಳುವ ಸರಾಫರಲ್ಲಿ ಕೊಳ್ಳುವುದು ಲೇಸು. ಚಿನ್ನದ ಬೆಲೆ ಇಳಿದರೆ ಬಾಂಡಾಗಲಿ, ನಾಣ್ಯವಾಗಲಿ, ಒಡವೆಯಾಗಲಿ ಎಲ್ಲವೂ ಒಟ್ಟಿಗೆ ಇಳಿಯುತ್ತವೆ ಎಂಬುದು ಬೇರೆ ಮಾತು.

ಹೊಸ ಬಾಂಡುಗಳ ಪ್ರಶ್ನೆ ಸದ್ಯಕ್ಕೆ ಏಳುವುದೂ ಇಲ್ಲ. 2024ರ ಫೆಬ್ರವರಿಯಲ್ಲಿ ಗ್ರಾಮಿಗೆ 6,263 ರೂಪಾಯಿಯಂತೆ ಬಂದ ಕಂತೇ ಕೊನೆಯದು; ಈಗ ಉಳಿದಿರುವುದು ಶೇರು ಮಾರುಕಟ್ಟೆಯಲ್ಲಿ ಬೇರೆಯವರು ಮಾರುವ ಹಳೆಯ ಬಾಂಡುಗಳು. ಆದರೆ ತಿಳಿಯದೆ ಕೊಂಡು ಈಗ ಚಿಂತೆಯಲ್ಲಿರುವ ಮನೆಗಳಿವೆ. ಅವರು ಎಂಟು ವರ್ಷ ಕಾಯಬೇಕಾಗಿಲ್ಲ. ಐದು ವರ್ಷ ತುಂಬಿದ ಮೇಲೆ ಬಡ್ಡಿ ಬರುವ ದಿನಾಂಕಗಳಲ್ಲಿ ಅವಧಿಗೆ ಮುನ್ನವೇ ಹಣ ಪಡೆಯಲು ಅವಕಾಶವಿದೆ, ಕೊನೆಯ ಕಂತಿನವರಿಗೆ ಅದು 2029ರ ಫೆಬ್ರವರಿಯಿಂದ. ಆ ದಿನಾಂಕಕ್ಕೆ ಸಾಕಷ್ಟು ಮೊದಲೇ ಬಾಂಡ್ ಕೊಂಡ ಬ್ಯಾಂಕಿಗೋ ಅಂಚೆ ಕಚೇರಿಗೋ ಅರ್ಜಿ ಕೊಡಬೇಕು. ಅಲ್ಲಿಯವರೆಗೆ ಬಂದ ಬಡ್ಡಿಯನ್ನು ಪಾಸ್‌ಬುಕ್ಕಿನಲ್ಲಿ ಗುರುತಿಸಿ ಬೇರೆ ತೆಗೆದಿಟ್ಟು, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ಅಸಲಿನಲ್ಲಾದ ಏರಿಕೆಯ ಬಗ್ಗೆ, ಕೇಳಿದ ಮಾತಿನ ಮೇಲೆ ನಿಲ್ಲದೆ, ಬಾಂಡಿನ ಪತ್ರವನ್ನೇ ಮುಫ್ತಿಯವರ ಮುಂದಿಟ್ಟು ಕೇಳಬೇಕು.