ತಾಯಿ-ತಂದೆಯರ ಸೇವೆ: ಬೈಗುಳ ಸಾಕು, ಹಂಚಿಕೆ ಬೇಕು



ನಮ್ಮ ಮಾಸಿಕ ಅನುಭಾವ ಗೋಷ್ಠಿಗಳಲ್ಲಿ ಒಂದು ಮಾತಿಗೆ ಚಪ್ಪಾಳೆ ಖಾತ್ರಿ. "ಈಗಿನ ಮಕ್ಕಳು ಹೆತ್ತವರನ್ನು ಹಳ್ಳಿಯಲ್ಲಿ ಬಿಟ್ಟು, ಸಂಬಳದ ಬೆನ್ನು ಹತ್ತಿ ಪುಣೆ, ಬೆಂಗಳೂರು ಸೇರಿದ್ದಾರೆ" ಎಂದು ಉಪನ್ಯಾಸಕರು ಗುಡುಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ತಲೆದೂಗುತ್ತಾರೆ. ಆಮೇಲೆ ಎಲ್ಲರೂ ಪ್ರಸಾದ ಮಾಡಿ ಮನೆಗೆ ಹೋಗುತ್ತಾರೆ. ಆ ರಾತ್ರಿ ಯಾವ ಮುದುಕಪ್ಪನಿಗೂ ಒಂದು ತುತ್ತು ಹೆಚ್ಚು ಸಿಗುವುದಿಲ್ಲ. ಈ ಬೈಗುಳ ಕೇಳಿ ಕೇಳಿ ನನಗೆ ಸಾಕಾಗಿದೆ.

ಊರು ಬಿಡುವುದೇ ಪಾಪವಾದರೆ ಶರಣರಲ್ಲಿ ಉಳಿಯುವವರು ಯಾರು? ಬಸವಣ್ಣನವರು ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವೇಢೆಗೆ, ಕೊನೆಗೆ ಕಲ್ಯಾಣಕ್ಕೆ ಬಂದರು. ಅಲ್ಲಮರು ಬಳ್ಳಿಗಾವಿಯವರು, ಅಕ್ಕ ಉಡುತಡಿಯವಳು. ಕಲ್ಯಾಣವೆಂದರೆ ಊರು ಬಿಟ್ಟು ಬಂದವರು ಕಟ್ಟಿದ ಊರು. ಕಾಯಕ ಇರುವಲ್ಲಿಗೆ ಹೋಗುವವನನ್ನು ಶರಣಧರ್ಮ ತಡೆಯುವುದಿಲ್ಲ. ಹೋಗುವ ಮುಂಚೆ ಹಿಂದೆ ಉಳಿದವರ ಕೆಲಸ ಯಾರದು ಎಂದು ಗೊತ್ತು ಮಾಡದೆ ಹೋಗುವುದೇ ತಪ್ಪು. ಆ ತಪ್ಪಿನಲ್ಲಿ ಮಗ ಒಬ್ಬನೇ ಪಾಲುದಾರನಲ್ಲ.

ನನಗೆ ಗೊತ್ತಿರುವ ಒಂದು ಮನೆಯ ಸಂಗತಿ ಹೇಳುತ್ತೇನೆ. ನವಲಗುಂದದ ಕಡೆಯ ಒಂದು ಹಳ್ಳಿ. ಮಗ ಬ್ಯಾಂಕಿನ ಅಧಿಕಾರಿ. ಬಡ್ತಿ ಬಂತು, ಜೊತೆಗೆ ಪುಣೆಗೆ ವರ್ಗವೂ ಬಂತು. ಒಲ್ಲೆ ಎಂದರೆ ಬಡ್ತಿ ಹೋಗುತ್ತದೆ. ಇಬ್ಬರು ಮಕ್ಕಳ ಓದು, ಮನೆ ಸಾಲ ಅವನ ತಲೆ ಮೇಲಿತ್ತು. ಹೋದ. ಪ್ರತಿ ತಿಂಗಳು ಹಣ ಕಳಿಸಿದ, ಪ್ರತಿದಿನ ಸಂಜೆ ಫೋನು ಮಾಡಿದ. "ಊಟ ಆತೇನ್ರಿ ಅಪ್ಪಾರ? ಗುಳಿಗಿ ತಗೊಂಡ್ರೇನು?" "ಆತಪಾ, ತಗೊಂಡೀನಿ. ನೀ ಆರಾಮ ಇದ್ದೀಯಿಲ್ಲೋ?" ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅಪ್ಪನಿಗೆ ಎಪ್ಪತ್ತಾರು, ಹಳೆಯ ಸಕ್ಕರೆ ಕಾಯಿಲೆ. ಕೆಲವು ತಿಂಗಳಲ್ಲಿ ಅವರು ಮಾತು ಮರೆಯತೊಡಗಿದರು, ಬೆಳಗಿನ ಜಾವ ಬೆವರಿ ಏಳತೊಡಗಿದರು. ಮನೆಯವರು "ವಯಸ್ಸಾತು" ಅಂದರು. ಒಂದು ನಸುಕಿನಲ್ಲಿ ಬಚ್ಚಲಲ್ಲಿ ಬಿದ್ದರು, ತೊಡೆಯ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ವೈದ್ಯರು ವಿಚಾರಿಸಿದಾಗ ನಿಜ ಹೊರಬಂತು. ಅವ್ವನಿಗೆ ಮೊಣಕಾಲು ನೋವು, ಸಂಜೆ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ರಾತ್ರಿಯ ಊಟವೆಂದರೆ ಎರಡು ತುತ್ತು ಮಜ್ಜಿಗೆ ಅನ್ನ, ಕೆಲವು ದಿನ ಬರೀ ಚುರುಮರಿ. ಗುಳಿಗೆ ಮಾತ್ರ ಮೊದಲಿನಷ್ಟೇ. ಸಕ್ಕರೆ ಇಳಿಸುವ ಕೆಲವು ಗುಳಿಗೆಗಳು ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ರಾತ್ರಿಯಿಡೀ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಲೆ ಮಂಕು. ಮರೆವು ಎಂದುಕೊಂಡದ್ದರಲ್ಲಿ ಬಹುಪಾಲು ಇದೇ ಆಗಿತ್ತು. ಗುಳಿಗೆ ಬದಲಾಯಿಸಿ, ಊಟ ಸರಿಪಡಿಸಿದ ಮೇಲೆ ತಲೆ ತಿಳಿಯಾಯಿತು. ಮುರಿದ ಎಲುಬು ಮಾತ್ರ ಮೊದಲಿನಂತೆ ಆಗಲಿಲ್ಲ.

ಇಲ್ಲಿ ಹಣ ಕಡಿಮೆಯಾಗಿರಲಿಲ್ಲ. ಪ್ರೀತಿಯೂ ಕಡಿಮೆಯಾಗಿರಲಿಲ್ಲ. ತಾಟಿನಲ್ಲಿ ಏನಿದೆ ಎಂದು ಕಣ್ಣಿಂದ ನೋಡುವ ಒಬ್ಬರು ಇರಲಿಲ್ಲ. "ಊಟ ಆತೇನು" ಎಂದರೆ ಯಾವ ತಂದೆಯೂ ದೂರದ ಮಗನಿಗೆ ಇಲ್ಲ ಅನ್ನುವುದಿಲ್ಲ. "ರಾತ್ರಿ ಏನು ಉಂಡಿರಿ, ಯಾರು ಮಾಡಿದರು, ಗುಳಿಗೆ ಚೀಟಿಯಲ್ಲಿ ಇನ್ನೆಷ್ಟು ಉಳಿದಾವು" ಎಂದು ಕೇಳಿದ್ದರೆ ಒಂದು ವಾರದಲ್ಲಿ ಗುಟ್ಟು ತಿಳಿಯುತ್ತಿತ್ತು.

ಸೇವೆ ಎಂಬುದು ಒಂದೇ ಕೆಲಸವಲ್ಲ, ನಾಲ್ಕು ಕೆಲಸ. ದಿನಕ್ಕೊಮ್ಮೆ ಕಣ್ಣಿಂದ ನೋಡುವುದು. ಗುಳಿಗೆ ಮತ್ತು ವೈದ್ಯರ ಲೆಕ್ಕ ಇಡುವುದು. ನಡುರಾತ್ರಿ ಕರೆದರೆ ವಾಹನ ತಂದು ಆಸ್ಪತ್ರೆಗೆ ಒಯ್ಯುವುದು. ಬ್ಯಾಂಕು, ಪಿಂಚಣಿ, ಕಾಗದಪತ್ರ ನೋಡುವುದು. ಕೊನೆಯದನ್ನು ಪುಣೆಯಿಂದಲೂ ಮಾಡಬಹುದು. ಎರಡನೆಯದನ್ನು ಫೋನಿನಲ್ಲಿ ಅರ್ಧ ಮಾಡಬಹುದು. ಮೊದಲನೆಯದು, ಮೂರನೆಯದು ಹತ್ತಿರ ಇದ್ದವರಿಂದಲೇ ಆಗಬೇಕು. ವರ್ಗದ ಆದೇಶ ಕೈಗೆ ಬಂದ ದಿನವೇ, ತಾಯಿ-ತಂದೆಯರನ್ನೂ ಕೂರಿಸಿಕೊಂಡು, ಈ ನಾಲ್ಕರ ಮುಂದೆ ನಾಲ್ಕು ಹೆಸರು ಬರೆಯಬೇಕು. ಹೆಸರು ಬರೆಯಲು ಬಾರದ ಕೆಲಸ ಯಾವುದೋ, ಅದು ಆಗುವುದಿಲ್ಲ ಎಂದೇ ತಿಳಿಯಬೇಕು.

ಹೆಸರು ಬರೆಯುವಾಗಲೇ ನಮ್ಮ ಸಮಾಜದ ಬಣ್ಣ ಬಯಲಾಗುತ್ತದೆ. ಮೊದಲು ಬರುವ ಹೆಸರು ಸೊಸೆಯದು. ಗಂಡ ಪುಣೆಗೆ ಹೋಗಲಿ, ಅವಳು ತನ್ನ ನೌಕರಿ ಬಿಟ್ಟು ಹಳ್ಳಿಯಲ್ಲಿ ಉಳಿಯಲಿ ಎಂಬುದು ಹಿರಿಯರ ತೀರ್ಪು. ಅವಳ ಕಾಯಕ ಕಾಯಕವಲ್ಲವೇ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಕ್ಕಳು ಎಂದು ಹೆಸರಿಸಿದ್ದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಅದರಲ್ಲಿ ಸೊಸೆಯ ಹೆಸರಿಲ್ಲ. ನಮ್ಮ ಉಪನ್ಯಾಸಗಳಲ್ಲಿ ಅವಳ ಹೆಸರು ಬಿಟ್ಟು ಬೇರೆ ಹೆಸರಿಲ್ಲ.

ನಾನು ಹೇಳಿದ ಮನೆಯಲ್ಲಿ ಮಗಳು ಹುಬ್ಬಳ್ಳಿಯಲ್ಲಿದ್ದಳು, ಬಸ್ಸಿನಲ್ಲಿ ಗಂಟೆ-ಒಂದೂವರೆ ಗಂಟೆಯ ದಾರಿ. ಹೆತ್ತವರನ್ನು ಇಟ್ಟುಕೊಳ್ಳಲು ಅಳಿಯನೂ ಸಿದ್ಧನಿದ್ದ. ತಂದೆ ಒಪ್ಪಲಿಲ್ಲ. "ಮಗಳ ಮನ್ಯಾಗ ಅನ್ನ ಉಣ್ಣಾಕ ಬರೂದಿಲ್ಲ, ಮಂದಿ ಏನಂದಾರು?" ಇದು ಯಾರ ಧರ್ಮ? ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗ ಕಟ್ಟಿದ ಧರ್ಮದಲ್ಲಿ ಮಗಳ ಅನ್ನಕ್ಕೆ ಮೈಲಿಗೆ ಎಲ್ಲಿಂದ ಬಂತು? ಬಸವಣ್ಣನವರ ಬದುಕಿನ ಜೊತೆಗೆ ನಡೆದವಳು ಅಕ್ಕ ನಾಗಮ್ಮ ಎಂದು ನಾವೇ ಪುರಾಣ ಹಚ್ಚಿ ಹೇಳುತ್ತೇವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಹಕ್ಕು ಕೊಟ್ಟಿತು. ಪಾಲು ಕೊಡುವಾಗ "ಕೊಟ್ಟ ಹೆಣ್ಣು" ಎಂದು ಸಹಿ ಹಾಕಿಸಿ ಬಿಡುಗಡೆ ಬರೆಸಿಕೊಳ್ಳುವವರು, ಅವಳ ಸೇವೆಯನ್ನೂ ಬೇಡವೆಂದು ಮುದುಕರನ್ನು ಒಂಟಿಯಾಗಿ ಇಡುತ್ತಾರೆ. ಪಾಲೂ ಇರಲಿ, ಹೊಣೆಯೂ ಇರಲಿ.

ಹಿರಿಯರಿಗೂ ಒಂದು ಮಾತು. "ಈ ಮನೆ, ಈ ಜಗಲಿ ಬಿಟ್ಟು ಬರೂದಿಲ್ಲ" ಎನ್ನುತ್ತೀರಿ. ಎಪ್ಪತ್ತು ವರ್ಷದ ನೆರೆಹೊರೆ ಬಿಡುವ ನೋವು ನನಗೆ ಅರ್ಥವಾಗುತ್ತದೆ. ನಗರದ ಮೂರನೆಯ ಮಹಡಿಯಲ್ಲಿ ಮಾತಾಡುವವರಿಲ್ಲದೆ ಬಾಡಿದವರನ್ನೂ ಕಂಡಿದ್ದೇನೆ. ಆ ಕಾರಣಕ್ಕೆ ಬರುವುದಿಲ್ಲ ಎನ್ನಿ, ಮರ್ಯಾದೆಯಿಂದ ಕೇಳುತ್ತೇವೆ. ದೇವರ ಮನೆ ಬಿಟ್ಟು ಬರಲಾಗದು ಎಂದು ಮಾತ್ರ ಹೇಳಬೇಡಿ. ನಿಮ್ಮ ದೇವರು ನಿಮ್ಮ ಕೊರಳಲ್ಲಿದೆ.

ಕೊನೆಗೆ ಪೂಜ್ಯರಲ್ಲಿ ನನ್ನ ಅರಿಕೆ, ಅರಿಕೆಗಿಂತ ಹೆಚ್ಚಾಗಿ ತಕರಾರು. ಈ ಹುಡುಗರನ್ನು ಓದಿಸಿದವರು ಯಾರು? ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು, ಮಠಗಳ ಶಾಲೆಗಳಲ್ಲಿ ಕಲಿತೇ ನೇಗಿಲು ಹಿಡಿದವನ ಮಗ ಬ್ಯಾಂಕಿನ ಅಧಿಕಾರಿಯಾದ. ಆ ಉಪಕಾರವನ್ನು ಯಾರೂ ಮರೆಯಬಾರದು. ಆದರೆ ಓದಿಸಿ ಊರಿನಾಚೆ ಕಳಿಸಿದ ಮಠವೇ, ಯಾಕೆ ಹೋದೆ ಎಂದು ಬೈಯುವುದು ನ್ಯಾಯವಲ್ಲ. ಮಕ್ಕಳಿಗೆ ನಡೆದ ದಾಸೋಹ ಅವರ ಹೆತ್ತವರಿಗೂ ನಡೆಯಲಿ.

ಕಟ್ಟಡ ಬೇಡ, ದೇಣಿಗೆಯ ಫಲಕವೂ ಬೇಡ. ದಾಸೋಹದ ಒಲೆ ಹೇಗೂ ಉರಿಯುತ್ತಿದೆ. ಊರಿನಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ಸಂಜೆ ಒಬ್ಬ ಹುಡುಗ ಸೈಕಲ್ ಮೇಲೆ ಬುತ್ತಿ ಮುಟ್ಟಿಸಲಿ. ನಿನ್ನೆಯ ಬುತ್ತಿ ಉಂಡಿದ್ದಾರೋ ಹಾಗೇ ಉಳಿದಿದೆಯೋ ನೋಡಿ ಬರಲಿ. ಉಳಿದಿದ್ದರೆ ಅಂದೇ ಮಗನಿಗೋ ಮಗಳಿಗೋ ಫೋನು ಹೋಗಲಿ. ಖರ್ಚನ್ನು ದೂರದ ಮಕ್ಕಳಿಂದ ಕೇಳಿ, ಕೊಡುತ್ತಾರೆ. ಅಮಾವಾಸ್ಯೆಯ ಗೋಷ್ಠಿಗೆ ಹಿರಿಯರು ಬರುತ್ತಾರಲ್ಲ, ಅಂದೇ ಆರೋಗ್ಯ ಕೇಂದ್ರದವರನ್ನು ಕರೆಸಿ ಸಕ್ಕರೆ, ರಕ್ತದೊತ್ತಡ ನೋಡಿಸಿ. ಉಪನ್ಯಾಸ ಅರ್ಧ ಗಂಟೆ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ.

ಆ ನವಲಗುಂದದ ಕಡೆಯ ಊರಿನಲ್ಲಿಯೂ ಒಂದು ಮಠವಿದೆ. ಆ ಮನೆಯಿಂದ ಇನ್ನೂರು ಹೆಜ್ಜೆ. ಅಪ್ಪ ಚುರುಮರಿ ತಿಂದು ಮಲಗಿದ ರಾತ್ರಿಗಳಲ್ಲಿ ಅಲ್ಲಿ ದಾಸೋಹ ನಡೆದೇ ಇತ್ತು.